ಸ್ವಾಗತ ಭಾಷಣದಲ್ಲಿ ಫ್ಲಶ್ ನೀರಿನ ಲೆಕ್ಕ

ವೈಟ್‌ಫೀಲ್ಡ್ ಕಡೆಯ 500 ಮನೆಗಳ ಅಪಾರ್ಟ್‌ಮೆಂಟ್‌ಗೆ ಹೊಸದಾಗಿ ಬಂದವರನ್ನು ಸ್ವಾಗತಿಸಲು ನಿಂತ ಸಂಘದ ಅಧ್ಯಕ್ಷೆ ಈಜುಕೊಳ, ಜಿಮ್‌ಗಳ ಮಾತೆತ್ತಲಿಲ್ಲ. ಎರಡು ಗಾಜಿನ ಬಾಟಲಿ ಮೇಜಿನ ಮೇಲಿಟ್ಟರು. ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಹಳದಿ ಬಣ್ಣದ, ನಾತ ಹೊಡೆಯುವ ನೀರು.

"ಎರಡೂ ನಮ್ಮ ಎಸ್‌ಟಿಪಿಯದ್ದೇ. ಮೊದಲನೆಯದು ಈ ವಾರದ್ದು, ಎರಡನೆಯದು ಹಬ್ಬದ ಮರುದಿನದ್ದು."

ಅಂದು ಮನೆಮನೆಯಲ್ಲೂ ಕರಿದ ಎಣ್ಣೆ ಸಿಂಕ್ ಸೇರಿತ್ತು, ಶೌಚಾಲಯ ತೊಳೆಯಲು ಆ್ಯಸಿಡ್ ಸುರಿದಿದ್ದರು. ಕೊಳಚೆಯನ್ನು ತಿಂದು ನೀರು ತಿಳಿಯಾಗಿಸುವುದು ಬ್ಯಾಕ್ಟೀರಿಯಾ. ಆ್ಯಸಿಡ್ ಅವನ್ನು ಕೊಲ್ಲುತ್ತದೆ, ಎಣ್ಣೆಯ ಪದರ ಗಾಳಿ ಸಿಗದಂತೆ ಮಾಡುತ್ತದೆ. ಅವು ಮತ್ತೆ ಬೆಳೆಯಲು ದಿನಗಳೇ ಬೇಕು.

ಆಮೇಲೆ ಅವರು ಲೆಕ್ಕ ಹೇಳಿದರು. ಫ್ಲಶ್‌ಗೆ ತಲೆಗೆ ದಿನಕ್ಕೆ 45 ಲೀಟರ್ ನೀರು ಬೇಕೆಂಬುದು ಕಟ್ಟಡ ಸಂಹಿತೆಯ ಅಂದಾಜು. ಮನೆಗೆ ನಾಲ್ವರೆಂದರೆ 90,000 ಲೀಟರ್. ಎಸ್‌ಟಿಪಿ ಕೆಟ್ಟರೆ ಅಷ್ಟಕ್ಕೂ ಒಳ್ಳೆಯ ನೀರನ್ನೇ ತರಿಸಬೇಕು, ಅಂದರೆ ದಿನಕ್ಕೆ 6,000 ಲೀಟರಿನ 15 ಟ್ಯಾಂಕರ್. ಬೇಸಿಗೆಯಲ್ಲಿ ಅಷ್ಟು ಸಿಗುವುದೇ ಕಷ್ಟ.

ಎಲ್ಲ ಅಪಾರ್ಟ್‌ಮೆಂಟ್‌ಗಳಲ್ಲೂ ಸ್ವಾಗತ ಹೀಗೇ ಇರಬೇಕು ಎನಿಸಿತು. ನಿಮ್ಮ ಫ್ಲಶ್ ನೀರು ವಾಸನೆ ಬರುತ್ತಿದ್ದರೆ ಎಸ್‌ಟಿಪಿಯವರನ್ನು ಬೈಯುವ ಮುನ್ನ ದಯವಿಟ್ಟು ನಿಮ್ಮ ಸಿಂಕಿಗೆ ಏನು ಸುರಿದಿರಿ ನೆನಪಿಸಿಕೊಳ್ಳಿ.