ಐವತ್ತೈದು ನಿಮಿಷ ನಡೆಯುವ ಮಗು

ಏಳನೇ ತರಗತಿಯ ನನ್ನ ಅಣ್ಣನ ಮಗಳು ಕಳೆದ ವಾರ ಗಣಿತದ ವರ್ಕ್‌ಶೀಟ್ ಹಿಡಿದುಕೊಂಡು ಬಂದಳು. ಒಂಬತ್ತು ಮಕ್ಕಳು ಮನೆಯಿಂದ ಶಾಲೆಗೆ ನಡೆದು ಬರಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಅದರಲ್ಲಿ ಒಂದೇ ಸಾಲಿನಲ್ಲಿ ಅಚ್ಚಾಗಿತ್ತು:

12, 8, 15, 10, 8, 55, 10, 8, 9

ಕೆಳಗೆ ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಯಿರಿ ಎಂಬ ಪ್ರಶ್ನೆ. ಬಹುಲಕಕ್ಕೆ ಕೆಲವು ಪುಸ್ತಕಗಳಲ್ಲಿ ರೂಢಿಬೆಲೆ ಎಂಬ ಹೆಸರೂ ಇದೆ.

ಸರಾಸರಿ ಅವಳಿಗೆ ಗೊತ್ತಿತ್ತು. ಎಲ್ಲವನ್ನೂ ಕೂಡಿದರೆ 135, ಮಕ್ಕಳು 9, ಭಾಗಿಸಿದರೆ 15 ನಿಮಿಷ. "ಅತ್ತೆ, ಇದು ಸರಿ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ಇದಕ್ಕೊಂದು ಚಂದದ ತಾಳೆ ಇದೆ. ಪ್ರತಿ ಸಂಖ್ಯೆ 15ಕ್ಕಿಂತ ಎಷ್ಟು ಕಡಿಮೆ, ಎಷ್ಟು ಹೆಚ್ಚು ಎಂದು ಬರೆದು ನೋಡಬೇಕು. 12ಕ್ಕೆ 3 ಕಡಿಮೆ. ಮೂರು 8ಗಳಿಗೆ ತಲಾ 7, ಎರಡು 10ಗಳಿಗೆ ತಲಾ 5, 9ಕ್ಕೆ 6. ಕಡಿಮೆ ಬಿದ್ದದ್ದೆಲ್ಲ ಸೇರಿ 40. ಹೆಚ್ಚಿರುವುದು 55 ಒಂದೇ, ಅದೂ ಸರಿಯಾಗಿ 40. ಎರಡೂ ಕಡೆ ಸಮವಾದರೆ ಸರಾಸರಿ ಸರಿ. ಕೂಡುವಾಗ ಒಂದು ಸಂಖ್ಯೆ ತಪ್ಪಿಹೋಗಿದ್ದರೆ ಈ ತಕ್ಕಡಿ ಒಂದು ಕಡೆಗೆ ವಾಲುತ್ತದೆ.

ಮಧ್ಯಾಂಕಕ್ಕೆ ಬಂದಾಗ ಅವಳು ಸಾಲಿನ ನಡುವೆ ಬೆರಳಿಟ್ಟು "ಎಂಟು" ಎಂದಳು. ಎಡದಿಂದ ನಾಲ್ಕು, ಬಲದಿಂದ ನಾಲ್ಕು, ನಡುವೆ 8, ಎಣಿಕೆಯೇನೋ ಸರಿಯೇ. ಆದರೆ ಮಕ್ಕಳು ಉತ್ತರ ಹೇಳಿದ ಕ್ರಮದಲ್ಲಿ ಸಂಖ್ಯೆಗಳು ಅಚ್ಚಾಗಿವೆ, ಆ ಕ್ರಮಕ್ಕೆ ಅರ್ಥವಿಲ್ಲ. ಮೊದಲು ಏರಿಕೆ ಕ್ರಮದಲ್ಲಿ ಬರೆಯಬೇಕು. ಅವಳು ಬರೆದಳು: 8, 9, 10, 12, 15, 55. ಮತ್ತೆ ಬರೆದ 8 ಮತ್ತು 10 ಅನಗತ್ಯ ಎಂದುಕೊಂಡು ಬಿಟ್ಟಿದ್ದಳು. ಇದು ಮಕ್ಕಳು ತೀರಾ ಸಹಜವಾಗಿ ಮಾಡುವ ತಪ್ಪು. ಒಂದೊಂದು ಸಂಖ್ಯೆಯ ಹಿಂದೆ ಒಂದೊಂದು ಮಗು ನಿಂತಿದೆ ಎಂದು ನೆನಪಿಸಿದ ಮೇಲೆ, ಪ್ರಶ್ನೆಯ ಸಾಲಿನಲ್ಲಿ ಒಂದೊಂದನ್ನೇ ಪೆನ್ಸಿಲ್‌ನಿಂದ ಹೊಡೆದುಹಾಕುತ್ತಾ ಮತ್ತೆ ಬರೆದಳು:

8, 8, 8, 9, 10, 10, 12, 15, 55

ಎಣಿಸಿದರೆ ಒಂಬತ್ತು, ಅಂದರೆ ಯಾರೂ ಬಿಟ್ಟುಹೋಗಿಲ್ಲ. 9ಕ್ಕೆ 1 ಸೇರಿಸಿ ಅರ್ಧ ಮಾಡಿದರೆ 5. ಈ 5 ಮಧ್ಯಾಂಕವಲ್ಲ, ಮಧ್ಯಾಂಕ ಕೂತಿರುವ ಜಾಗ. ಐದನೆಯ ಜಾಗದಲ್ಲಿರುವ 10 ಉತ್ತರ. ಎಷ್ಟೋ ಮಕ್ಕಳು ಇಲ್ಲಿ 5 ಎಂದೇ ಬರೆದು ಮುಗಿಸುತ್ತಾರೆ. ಆದರೆ ಐದೇ ನಿಮಿಷ ನಡೆಯುವ ಮಗು ಈ ಪಟ್ಟಿಯಲ್ಲೇ ಇಲ್ಲ.

ಬಹುಲಕ ಸುಲಭ: ಹೆಚ್ಚು ಸಲ ಬಂದದ್ದು 8. ಅದು ಮೂರು ಸಲ ಬಂದಿದೆ ಎಂದು ಉತ್ತರವಾಗಿ 3 ಬರೆಯಬಾರದು, ಅಷ್ಟೇ. ಆದರೆ ಪುಟ್ಟ ಪಟ್ಟಿಯಲ್ಲಿ ಬಹುಲಕವನ್ನು ಹೆಚ್ಚು ನೆಚ್ಚುವಂತಿಲ್ಲ. 9 ನಿಮಿಷದ ಮಗು 10 ನಿಮಿಷ ಎಂದಿದ್ದರೆ 10 ಕೂಡ ಮೂರು ಸಲವಾಗಿ ಎರಡು ಬಹುಲಕಗಳಾಗುತ್ತಿದ್ದವು. ಯಾವ ಸಂಖ್ಯೆಯೂ ಮತ್ತೆ ಬಾರದಿದ್ದರೆ ಬಹುಲಕ ಇಲ್ಲ ಎಂದು ಬರೆಯಬೇಕು, ಸೊನ್ನೆ ಎಂದಲ್ಲ.

ಈಗ ಉತ್ತರಗಳು 15, 10, 8. "ಮೂರೂ ಬೇರೆ ಬೇರೆ ಬಂತಲ್ಲ, ಎಲ್ಲೋ ತಪ್ಪಾಗಿದೆ" ಎಂದು ಅವಳು ರಬ್ಬರ್ ಕೈಗೆತ್ತಿಕೊಂಡಳು. ತಪ್ಪಾಗಿರಲಿಲ್ಲ. 55ರ ಮೇಲೆ ಬೆರಳಿಟ್ಟು, ಈ ಮಗು ಅವತ್ತು ಬಂದಿಲ್ಲ ಅಂದುಕೋ, ಮತ್ತೆ ಮಾಡು ಎಂದೆ. ಉಳಿದ ಎಂಟು ಮಕ್ಕಳ ಮೊತ್ತ 80, ಸರಾಸರಿ 10. ಎಂಟು ಸಮಸಂಖ್ಯೆಯಾದ್ದರಿಂದ ನಟ್ಟನಡುವೆ ಒಂದಲ್ಲ, ಇಬ್ಬರು ನಿಲ್ಲುತ್ತಾರೆ: ನಾಲ್ಕನೆಯ 9 ಮತ್ತು ಐದನೆಯ 10. ಎರಡನ್ನೂ ಕೂಡಿ ಅರ್ಧ ಮಾಡಿದರೆ ಮಧ್ಯಾಂಕ 9.5. ಬಹುಲಕ ಆಗಲೂ 8.

ಒಬ್ಬ ಮಗು ಹೊರಗುಳಿದದ್ದಕ್ಕೆ ಸರಾಸರಿ 15ರಿಂದ 10ಕ್ಕೆ ಇಳಿಯಿತು, ಮಧ್ಯಾಂಕ ಅರ್ಧ ನಿಮಿಷ ಮಾತ್ರ ಸರಿಯಿತು. ಸರಾಸರಿಗೆ 55ರ ಪೂರ್ತಿ ಭಾರ ತಗಲುತ್ತದೆ. ಮಧ್ಯಾಂಕಕ್ಕೆ ಅದು ಸಾಲಿನ ಕೊನೆಯವನು, ಅಷ್ಟೇ. 55ರ ಬದಲು 90 ಇದ್ದರೂ ಅದು 10 ಆಗಿಯೇ ಇರುತ್ತಿತ್ತು.

ವರ್ಕ್‌ಶೀಟಿನ ಕೊನೆಯ ಪ್ರಶ್ನೆ: ಈ ಮಕ್ಕಳು ಸಾಮಾನ್ಯವಾಗಿ ಎಷ್ಟು ಹೊತ್ತು ನಡೆಯುತ್ತಾರೆ? ನನ್ನ ಮಟ್ಟಿಗೆ ಇಲ್ಲಿ ಮಧ್ಯಾಂಕವೇ ಸರಿ, ಏಕೆಂದರೆ ಒಂಬತ್ತರಲ್ಲಿ ಏಳು ಮಕ್ಕಳು 15 ನಿಮಿಷಕ್ಕಿಂತ ಕಡಿಮೆ ನಡೆಯುವವರು. ಅವಳು "10 ನಿಮಿಷ" ಎಂದು ಬರೆದಳು. ಸ್ವಲ್ಪ ಹೊತ್ತು 55ನ್ನೇ ನೋಡುತ್ತಿದ್ದು, ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಸೇರಿಸಿದಳು: "ಒಬ್ಬರಿಗೆ ತುಂಬಾ ದೂರ."