ಪರದೆಯಲ್ಲಿ 44.5, ಒಳಗೆ 43.8

ತಾವರೆಕೆರೆ, ಶಿರಾ, ಪಾವಗಡದ ಕಡೆ ಬೋರಿನ ನೀರೆಂದರೆ ಮೊದಲು ನೆನಪಾಗುವುದು ಫ್ಲೋರೈಡ್. ಆದರೆ ಅದೇ ನೀರಿಗೆ ಮಲದ ಸೋಂಕು ತಗುಲಿದೆಯೇ ಎಂದು ತಿಳಿಯಬೇಕಾದರೆ ಪ್ರಯೋಗಾಲಯದ ಇನ್‌ಕ್ಯುಬೇಟರ್ ಸರಿಯಿರಬೇಕು. ಮೊದಲ ಹಂತದಲ್ಲಿ ಅನುಮಾನ ಹುಟ್ಟಿಸಿದ ಮಾದರಿಯನ್ನು 44.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡುತ್ತಾರೆ. ಮಣ್ಣಿನಿಂದ, ಕೊಳೆತ ಎಲೆಯಿಂದ ಬಂದ ಕೋಲಿಫಾರ್ಮ್‌ಗಳಲ್ಲಿ ಹೆಚ್ಚಿನವು ಆ ಬಿಸಿಗೆ ಬೆಳೆಯಲಾರವು. ಮಲದಿಂದ ಬಂದ ಇ. ಕೋಲಿ ಬೆಳೆಯುತ್ತದೆ. ಅದಕ್ಕೇ ಇಲ್ಲಿ ಏರುಪೇರಿಗೆ 0.2 ಡಿಗ್ರಿಯಷ್ಟೇ ಅವಕಾಶ.

ತಪ್ಪು ಕಲ್ಪನೆ: ಪರದೆಯಲ್ಲಿ ಕಾಣುವುದೇ ಒಳಗಿನ ಉಷ್ಣಾಂಶ.

ಪರದೆ ತೋರಿಸುವುದು ಸೆನ್ಸರ್ ಹೇಳಿದ್ದನ್ನು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಪಿಟಿ-100 ಸೆನ್ಸರ್‌ನ ವಿದ್ಯುತ್ ರೋಧ ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ತಂತಿಯ ತುದಿ ಸಡಿಲವಾಗಿಯೋ ತುಕ್ಕು ಹಿಡಿದೋ 0.27 ಓಮ್ ಹೆಚ್ಚುವರಿ ಸೇರಿದರೆ ಸಾಕು, ಯಂತ್ರ 0.7 ಡಿಗ್ರಿ ಹೆಚ್ಚು ಬಿಸಿಯಿದೆ ಎಂದು ನಂಬಿ ಹೀಟರನ್ನು ಬೇಗ ಆರಿಸುತ್ತದೆ. ಪರದೆಯಲ್ಲಿ 44.5 ಸ್ಥಿರವಾಗಿ ನಿಂತಿರುತ್ತದೆ, ಒಳಗೆ 43.8. ಪ್ರಮಾಣಿತ ಥರ್ಮಾಮೀಟರ್ ಇಟ್ಟು ನೋಡದೆ ಇದು ತಿಳಿಯುವ ದಾರಿಯೇ ಇಲ್ಲ.

ತಪ್ಪು ಕಲ್ಪನೆ: ಮೊದಲು ಸರಿಪಡಿಸಿ, ಆಮೇಲೆ ಮ್ಯಾನೇಜರ್‌ಗೆ ತಿಳಿಸಿದರಾಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಗುಂಡಿ ಒತ್ತಿ ತಿದ್ದಿದ ಕ್ಷಣವೇ, ಯಂತ್ರ ಎಷ್ಟು ತಪ್ಪಿತ್ತು ಎಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ತಿದ್ದುವ ಮುಂಚಿನ ಓದು ಮೊದಲು ದಾಖಲಾಗಬೇಕು. ತಂತ್ರಜ್ಞೆಯ ಇಮೇಲ್ ಹೀಗಿದ್ದರೆ ಸಾಕು:

"ಮೇಡಂ, ಇಂದಿನ ಕ್ಯಾಲಿಬ್ರೇಶನ್‌ನಲ್ಲಿ 44.5ರ ಇನ್‌ಕ್ಯುಬೇಟರ್ ಪರದೆಯಲ್ಲಿ 44.5, ಪ್ರಮಾಣಿತ ಥರ್ಮಾಮೀಟರ್‌ನಲ್ಲಿ 43.8 ಬಂತು. ಮೇಲಿನ, ನಡುವಿನ, ಕೆಳಗಿನ ಮೂರೂ ತಟ್ಟೆಗಳಲ್ಲಿ ವ್ಯತ್ಯಾಸ ಒಂದೇ. ಹಿಂದಿನ ಎರಡು ತಪಾಸಣೆಗಳಲ್ಲಿ 0.1, 0.2 ಇತ್ತು. ಏನನ್ನೂ ತಿದ್ದಿಲ್ಲ. 'ಬಳಸಬೇಡಿ' ಚೀಟಿ ಅಂಟಿಸಿದ್ದೇನೆ. ಒಳಗಿದ್ದ ಮಾದರಿಗಳ ಪಟ್ಟಿ, ಕಳೆದ ತಪಾಸಣೆಯಿಂದ ಈಚೆಗೆ ಕೊಟ್ಟ ವರದಿಗಳ ಪಟ್ಟಿ ಲಗತ್ತಿಸಿದೆ. ಮುಂದೇನು ಮಾಡಲಿ ತಿಳಿಸಿ."

ಮೂರು ತಟ್ಟೆಗಳ ಮಾತು ಸುಮ್ಮನೆ ಬಂದದ್ದಲ್ಲ. ಒಂದೇ ತಟ್ಟೆ ತಣ್ಣಗಿದ್ದರೆ ಗಾಳಿಯ ಓಡಾಟದ ತೊಂದರೆ. ಮೂರರಲ್ಲೂ ಅಷ್ಟೇ ಅಂತರವಿದ್ದರೆ ಸೆನ್ಸರ್ ಅಥವಾ ಅದರ ತಂತಿಯ ಮೇಲೆ ಅನುಮಾನ. 0.1, 0.2, 0.7 ಎಂಬ ಸಾಲು ನೋಡಿದರೆ ಮೊದಲು ಮೆಲ್ಲಗೆ ಜಾರಿದ್ದ ಓದು ಕಳೆದ ತಪಾಸಣೆಯಿಂದ ಈಚೆಗೆ ಹೆಚ್ಚು ಜಾರಿದೆ ಎಂದು ಗೊತ್ತಾಗುತ್ತದೆ. ಓದುವಾಗ ಥರ್ಮಾಮೀಟರ್‌ನ ಬುಡ ಗ್ಲಿಸರಿನ್ ತುಂಬಿದ ಸೀಸೆಯಲ್ಲಿರಬೇಕು. ಇಲ್ಲವಾದರೆ ಬಾಗಿಲು ತೆರೆದಾಗ ನುಗ್ಗುವ ಗಾಳಿಗೇ ಓದು ಬದಲಾಗುತ್ತದೆ.

ತಪ್ಪು ಕಲ್ಪನೆ: ಹಳೆಯ ವರದಿಗಳೆಲ್ಲ ಈಗ ವ್ಯರ್ಥ.

ಯಂತ್ರ ಯಾವ ಕಡೆಗೆ ತಪ್ಪಿದೆ ಎಂಬುದರ ಮೇಲೆ ಅದು ನಿಂತಿದೆ. 43.8ರಲ್ಲಿ ಇ. ಕೋಲಿ ಚೆನ್ನಾಗಿಯೇ ಬೆಳೆಯುತ್ತದೆ. ಹಾಗಾಗಿ "ಸೋಂಕಿಲ್ಲ" ಎಂಬ ವರದಿಗಳು ಬಹುಮಟ್ಟಿಗೆ ನಿಲ್ಲುತ್ತವೆ. ಆದರೆ 44.5ರಲ್ಲಿ ಸೋಲಬೇಕಿದ್ದ ಮಣ್ಣಿನ ಕೋಲಿಫಾರ್ಮ್‌ಗಳೂ ಬೆಳೆದಿರಬಹುದು. ಒಳ್ಳೆಯ ಬೋರಿಗೇ "ಮಲದ ಸೋಂಕು" ಎಂಬ ಹೆಸರು ಬಂದಿರಬಹುದು. ಮೊದಲು ಮರುಪರೀಕ್ಷೆ ಆಗಬೇಕಾದ್ದು ಹಾಗೆ ಹೆಸರು ಬಂದ ಬೋರುಗಳಿಗೆ. ಸೆನ್ಸರ್ ಇನ್ನೊಂದು ಕಡೆಗೆ ತಪ್ಪಿ ಒಳಗೆ 45.5 ಆಗಿದ್ದಿದ್ದರೆ ಭಯ ತಿರುವುಮುರುವು: ಇ. ಕೋಲಿ ಕುಗ್ಗಿ, ಕೆಟ್ಟ ನೀರು ಶುದ್ಧವೆಂದು ಊರಿಗೆ ಹೋಗಿರಬಹುದಿತ್ತು. ಆಗ "ಸೋಂಕಿಲ್ಲ" ಎಂದು ಬರೆದ ಊರುಗಳಿಗೆ ಅದೇ ದಿನ ಫೋನ್ ಮಾಡಿ ಹೊಸ ಮಾದರಿ ತರಿಸಬೇಕಾಗುತ್ತಿತ್ತು.