ನಿಶ್ಚಲ ಚಿತ್ರಕ್ಕೆ ಚಲನೆ: ಬೇಕಲ ಕೋಟೆಯ ಒಂದು ನಿದರ್ಶನ

ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯ ಒಂದು ಛಾಯಾಚಿತ್ರವನ್ನು ಪಾಠಕ್ಕೆ ಆರಿಸಿಕೊಂಡಿದ್ದೇವೆ ಎಂದಿಟ್ಟುಕೊಳ್ಳೋಣ. ಎಡಗಡೆ ಸಮುದ್ರ, ಬಲಗಡೆ ಕೊತ್ತಳ, ಮುಂಭಾಗದಲ್ಲಿ ಶಾಲೆಯ ಹೆಸರಿರುವ ಬ್ಯಾನರ್ ಹಿಡಿದು ನಿಂತ ಇಬ್ಬರು ಶಿಕ್ಷಕರು. ಚಿತ್ರದಿಂದ ವೀಡಿಯೊ ರಚಿಸುವ ಕೃತಕ ಬುದ್ಧಿಮತ್ತೆಯ ಉಪಕರಣಕ್ಕೆ ಇದನ್ನು ಕೊಟ್ಟು, “ಕ್ಯಾಮೆರಾ ಕೊತ್ತಳವನ್ನು ಸುತ್ತಿ ಬರಲಿ, ಅಲೆಗಳು ಏಳಲಿ, ಶಿಕ್ಷಕರು ನಡೆಯಲಿ” ಎಂದು ಬರೆದರೆ ಏನಾಗುತ್ತದೆ?

ಮೊದಲು ಕೆಲಸದ ರೀತಿಯನ್ನು ತಿಳಿಯಬೇಕು. ವಾನ್ 2.1 ಎಂಬ ಮಾದರಿಯು ಸಾಮಾನ್ಯವಾಗಿ ಸೆಕೆಂಡಿಗೆ 16ರಂತೆ 81 ಚಿತ್ರಗಳನ್ನು ಜೋಡಿಸಿ ಸುಮಾರು 5 ಸೆಕೆಂಡಿನ ತುಣುಕನ್ನು ಕೊಡುತ್ತದೆ. ಅವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ನಮ್ಮ ಛಾಯಾಚಿತ್ರ ಆಧಾರ. ಉಳಿದ 80 ಚಿತ್ರಗಳು, ಹಿಂದೆ ಕಲಿತ ಅಸಂಖ್ಯ ವೀಡಿಯೊಗಳ ಆಧಾರದ ಮೇಲೆ ಯಂತ್ರವು ಮಾಡಿದ ಊಹೆ.

ಆದುದರಿಂದ ಊಹೆ ಸುಲಭವಾದಲ್ಲಿ ಫಲ ಚೆನ್ನಾಗಿರುತ್ತದೆ. ಅಲೆಗಳು ಹೇಗೆ ಎದ್ದರೂ ಅಲೆಗಳಂತೆಯೇ ಕಾಣುತ್ತವೆ. ಬ್ಯಾನರಿನ ಅಕ್ಷರಗಳ ಪಾಡು ಬೇರೆ. ಯಂತ್ರವು ಅವುಗಳನ್ನು ಓದುವುದಿಲ್ಲ. ಆಕಾರಗಳೆಂದು ಮತ್ತೆ ಮತ್ತೆ ಬಿಡಿಸುತ್ತದೆ. ಬಟ್ಟೆ ಅಲುಗಿದೊಡನೆ ಒತ್ತಕ್ಷರಗಳು ಕರಗಿ, ಕನ್ನಡದಂತೆ ತೋರುವ ಆದರೆ ಓದಲಾಗದ ಗೆರೆಗಳಾಗುತ್ತವೆ. ನಡೆಯುವ ಶಿಕ್ಷಕರ ಬೆರಳುಗಳು ಬ್ಯಾನರಿನೊಳಗೆ ಬೆರೆಯಬಹುದು. ಮುಖ ತಿರುಗಿದಾಗ ಬೇರೊಬ್ಬರ ಮುಖವಾಗಬಹುದು.

ಇವು ಕಣ್ಣಿಗೆ ಬೀಳುವ ದೋಷಗಳು. ಬೀಳದ ದೋಷವೇ ಹೆಚ್ಚು ಅಪಾಯಕರ. ಕೊತ್ತಳದ ಹಿಂಬದಿ ಛಾಯಾಚಿತ್ರದಲ್ಲಿ ಇರಲಿಲ್ಲ. ಕ್ಯಾಮೆರಾ ಸುತ್ತಿದಾಗ ಯಂತ್ರವು ಅಲ್ಲಿ ಒಂದು ಬಾಗಿಲನ್ನೋ ಕಿಟಕಿಯನ್ನೋ ಕಟ್ಟಿಬಿಡುತ್ತದೆ. ಕಲ್ಲಿನ ಬಣ್ಣ, ಬಿಸಿಲು ಎಲ್ಲವೂ ಹೊಂದುವುದರಿಂದ ವಿದ್ಯಾರ್ಥಿಯು ಅದನ್ನು ಇಕ್ಕೇರಿಯ ಶಿವಪ್ಪ ನಾಯಕನ ಕಾಲದ ರಚನೆಯೆಂದೇ ನಂಬುತ್ತಾನೆ.

ಪರಿಹಾರವು ಬೇಡಿಕೆಯನ್ನು ಕುಗ್ಗಿಸುವುದರಲ್ಲಿದೆ. ಮೊದಲು ಶಿಕ್ಷಕರೂ ಬ್ಯಾನರೂ ಇರುವ ಭಾಗವನ್ನು ಕತ್ತರಿಸಿ ತೆಗೆಯಿರಿ. ಅನಂತರ, “ಕ್ಯಾಮೆರಾ ಸ್ಥಿರವಾಗಿರಲಿ, ಕೋಟೆ ಅಲುಗದಿರಲಿ, ಅಲೆಗಳು ಮಾತ್ರ ನಿಧಾನವಾಗಿ ದಡಕ್ಕೆ ಬರಲಿ” ಎಂದು ಒಂದೇ ಚಲನೆಯನ್ನು ಕೇಳಿರಿ. ಬ್ಯಾನರ್ ಬೇಕೇ ಬೇಕಾದರೆ, ಕ್ಯಾಮೆರಾ ಸ್ಥಿರವಾಗಿರುವ ತುಣುಕಿನ ಮೇಲೆ ಮೂಲ ಚಿತ್ರದ ಆ ಭಾಗವನ್ನು ವೀಡಿಯೊ ಸಂಪಾದನೆಯ ಆ್ಯಪ್‌ನಲ್ಲಿ ಅಂಟಿಸಬಹುದು.

ತುಣುಕು ಸಿದ್ಧವಾದ ಮೇಲೆ ಕೊನೆಯ ಚಿತ್ರದಲ್ಲಿ ನಿಲ್ಲಿಸಿ, ಮೂಲ ಛಾಯಾಚಿತ್ರದ ಪಕ್ಕದಲ್ಲಿಟ್ಟು ನೋಡಿರಿ. ದೋಷಗಳು ಕ್ರಮೇಣ ಕೂಡುತ್ತ ಹೋಗುವುದರಿಂದ ಅವು ಕೊನೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಗೋಡೆಯ ಅಂಚು, ಕಿಂಡಿಗಳ ಎಣಿಕೆ, ದಿಗಂತದ ರೇಖೆ ಈ ಮೂರನ್ನು ಹೋಲಿಸಿದರೆ ಸಾಕು. ಒಂದು ಕಿಂಡಿ ಹೆಚ್ಚಾಗಿದ್ದರೂ ಆ ತುಣುಕನ್ನು ಬಿಟ್ಟು ಮತ್ತೆ ರಚಿಸಿರಿ. ಅದೇ ಸೂಚನೆಗೂ ಪ್ರತಿಸಲ ಬೇರೆ ಫಲ ದೊರೆಯುತ್ತದೆ.

ತರಗತಿಯಲ್ಲಿ ಛಾಯಾಚಿತ್ರವನ್ನೇ ಮೊದಲು ತೋರಿಸಿರಿ. ಬಳಿಕ ತುಣುಕನ್ನು ತೋರಿಸಿ, ಇದರಲ್ಲಿ ಕ್ಯಾಮೆರಾ ಕಂಡದ್ದು ಯಾವುದು, ಯಂತ್ರ ಸೇರಿಸಿದ್ದು ಯಾವುದು ಎಂದು ಮಕ್ಕಳಿಂದಲೇ ಹೇಳಿಸಿರಿ.